ಕಡಿದ ಮೇಲೆ ಉಳಿಯುವ ದೃಶ್ಯ

ದೃಶ್ಯ 6. ಹೊರಾಂಗಣ. ಬಸ್ ನಿಲ್ದಾಣ. ರಾತ್ರಿ.

ಚಿತ್ರಕಥೆಯಲ್ಲಿ ಇದು ಒಂದೇ ಸಾಲು. ಬರೆಯುವವರ ಮಟ್ಟಿಗೆ ಈ ಸಾಲಿನ ಎಲ್ಲ ಪದಗಳೂ ಒಂದೇ ತೂಕದವು. ‘ಹಗಲು’ ಎಂದು ಬರೆಯಲು ಎಷ್ಟು ಶಾಯಿ ಬೇಕೋ ‘ರಾತ್ರಿ’ ಎಂದು ಬರೆಯಲೂ ಅಷ್ಟೇ ಸಾಕು. ಆದರೆ ಅದೇ ಸಾಲು ಚಿತ್ರೀಕರಣದ ದಿನಕ್ಕೆ ಬಂದಾಗ ಅದರ ಒಂದೊಂದು ಪದಕ್ಕೂ ಬೇರೆ ಬೇರೆ ಬೆಲೆ ಇರುವುದು ಗೊತ್ತಾಗುತ್ತದೆ. ಬಸ್ ನಿಲ್ದಾಣ ಎಂದರೆ ಅನುಮತಿ ಪತ್ರ, ಶುಲ್ಕ, ಕ್ಯಾಮೆರಾ ಕಂಡ ಕೂಡಲೇ ನೆರೆಯುವ ಜನರನ್ನು ಸಮಾಧಾನವಾಗಿ ದೂರ ಇಡಬಲ್ಲ ಮೂರು ನಾಲ್ಕು ಮಂದಿ. ರಾತ್ರಿ ಎಂದರೆ ಲೈಟುಗಳು, ಜನರೇಟರ್, ಅದರ ಡೀಸೆಲ್ಲು, ನಡುರಾತ್ರಿಯ ಊಟ, ಬೆಳಗಿನ ಜಾವ ಎಲ್ಲರನ್ನೂ ಮನೆ ಮುಟ್ಟಿಸುವ ವಾಹನ. ಇಷ್ಟಾದರೂ ಲೆಕ್ಕ ಮುಗಿಯುವುದಿಲ್ಲ. ರಾತ್ರಿಯಿಡೀ ದುಡಿದವರು ಮರುದಿನ ನಿದ್ದೆ ಮಾಡಬೇಕು, ಹಾಗಾಗಿ ಆ ಹಗಲೂ ಕೈಬಿಟ್ಟು ಹೋಗುತ್ತದೆ. ಒಂದು ರಾತ್ರಿಯ ಚಿತ್ರೀಕರಣಕ್ಕೆ ಒಂದು ದಿನದ ದುಡ್ಡು ಎಂದು ಬರೆದಿಟ್ಟ ಬಜೆಟ್ಟುಗಳು ತಲೆಕೆಳಗಾಗುವುದು ಇಲ್ಲೇ. ಜಾಗ ಬದಲಿಸುವುದೂ ಹೀಗೆಯೇ. ಎದುರು ಬೀದಿಗೆ ಹೋಗುವುದಾದರೂ ಸಾಮಾನು ಕಟ್ಟಿ, ಸಾಗಿಸಿ, ಮತ್ತೆ ಬಿಚ್ಚಿ ಜೋಡಿಸುವ ಹೊತ್ತಿಗೆ ಅರ್ಧ ಬೆಳಗು ಹೋಗಿರುತ್ತದೆ. ಆ ಹೊತ್ತಿನಲ್ಲಿ ಒಂದು ಶಾಟ್ ಕೂಡ ಆಗಿರುವುದಿಲ್ಲ.

ದುಡ್ಡು ಸಾಲದು ಎಂದು ಗೊತ್ತಾದ ದಿನ ಆ ಸಾಲಿನ ಮೇಲೆ ಪೆನ್ಸಿಲ್ ಗೆರೆ ಬೀಳುತ್ತದೆ. ನನ್ನನ್ನು ಕಾಡುವ ಪ್ರಶ್ನೆ ಹುಟ್ಟುವುದು ಆಗಲೇ. ಜಾಗವನ್ನು ತೆಗೆದು, ಅಲ್ಲಿದ್ದ ಜನರನ್ನು ತೆಗೆದು, ರಾತ್ರಿಯನ್ನೂ ತೆಗೆದರೆ ಆ ದೃಶ್ಯದಲ್ಲಿ ಉಳಿಯುವುದೇನು? ಏನೂ ಉಳಿಯದಿದ್ದರೆ ಮೊದಲಾದರೂ ಅಲ್ಲಿ ಏನಿತ್ತು? ಉಳಿಯುವುದು ಏನಾದರೂ ಇದ್ದರೆ ಅದನ್ನು ಎಲ್ಲಿಟ್ಟು ಬದುಕಿಸಬೇಕು?

ಒಂದು ಕಿರುಚಿತ್ರದ ಉದಾಹರಣೆಯನ್ನೇ ಹಿಡಿದು ನೋಡುತ್ತೇನೆ. ಹದಿನೈದು ನಿಮಿಷದ ಕಥೆ, ನಡೆಯುವುದು ತಿಪಟೂರಿನಲ್ಲಿ. ಮಂಜ ಒಂದು ಸೊಸೈಟಿಯ ಪಿಗ್ಮಿ ಏಜೆಂಟ್. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಇಂದಿಗೂ ನಮ್ಮ ಸಣ್ಣ ಊರುಗಳ ಅಂಗಡಿ ಬೀದಿಯಲ್ಲಿ ನಡೆಯುತ್ತಿರುವುದು ನಂಬಿಕೆಯ ಮೇಲೆ. ಸಂಜೆ ಹೊತ್ತು ಒಬ್ಬ ಬಂದು ಐವತ್ತೋ ನೂರೋ ತೆಗೆದುಕೊಂಡು ಹೋಗುತ್ತಾನೆ, ಕೊಟ್ಟವರು ಅವನ ಮುಖ ನೋಡಿ ಕೊಟ್ಟಿರುತ್ತಾರೆ. ಆ ದಿನದ ವಸೂಲಿಯ ಚೀಲವನ್ನು ಮಂಜನ ತಮ್ಮ ರಘು ಎತ್ತಿಕೊಂಡು ರಾತ್ರೋರಾತ್ರಿ ಮನೆ ಬಿಡುತ್ತಾನೆ. ಅಣ್ಣ ಹುಡುಕಲು ಹೊರಡುತ್ತಾನೆ.

ಮೊದಲ ಪ್ರತಿಯಲ್ಲಿ ಹುಡುಕಾಟ ಹೀಗಿತ್ತು: ಬಸ್ ನಿಲ್ದಾಣದಲ್ಲಿ ಕಂಡಕ್ಟರನನ್ನೂ ಟೀ ಮಾರುವವನನ್ನೂ ಕೇಳುತ್ತಾನೆ. ರಘುವಿನ ಗೆಳೆಯನ ಮನೆ ಬಾಗಿಲು ತಟ್ಟುತ್ತಾನೆ, ಗೆಳೆಯನ ಅಪ್ಪ ಗದರಿಸಿ ಕಳಿಸುತ್ತಾನೆ. ಪೊಲೀಸ್ ಠಾಣೆಯ ಮೆಟ್ಟಿಲವರೆಗೆ ಹೋಗಿ, ಅಲ್ಲಿ ಕೂತ ಇಬ್ಬರು ಪೇದೆಗಳನ್ನು ನೋಡಿ, ಒಳಗೆ ಹೋಗದೆ ತಿರುಗುತ್ತಾನೆ. ಕೊನೆಗೆ ನಸುಕಿನಲ್ಲಿ ರೈಲು ನಿಲ್ದಾಣ. ಎದುರಿಗೇ ಬೋಗಿಯ ಕಿಟಕಿಯಲ್ಲಿ ತಮ್ಮ ಕೂತಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಅಣ್ಣ ಕೂಗುವುದಿಲ್ಲ, ರೈಲು ಹೊರಡುತ್ತದೆ. ಮನೆಯೂ ಸೇರಿ ಐದು ಜಾಗ, ಮಾತಾಡುವ ಅಥವಾ ಗುರುತಾಗಿ ಕಾಣುವ ಹತ್ತು ಹನ್ನೊಂದು ಮುಖಗಳು, ಎರಡು ರಾತ್ರಿ. ಜೊತೆಗೆ ರೈಲ್ವೆಯ ಅನುಮತಿ. ತಂಡದ ಕೈಯಲ್ಲಿದ್ದದ್ದು ಒಂದೂವರೆ ಲಕ್ಷ.

ಮೊದಲ ತಿದ್ದುಪಡಿ ಎಲ್ಲರಿಗೂ ಹೊಳೆಯುವಂಥದ್ದು. ಮಂಜ ಮನೆಯಲ್ಲೇ ನಿಂತು ಫೋನ್ ಮಾಡುತ್ತಾನೆ. ಡಿಪೋಗೆ ಒಂದು, ಗೆಳೆಯನಿಗೆ ಒಂದು, ಠಾಣೆಗೆ ನಂಬರ್ ಒತ್ತಿ ಕಟ್ ಮಾಡುವುದು ಇನ್ನೊಂದು. ಖರ್ಚು ಬಹುಪಾಲು ಇಳಿಯಿತು, ಕಥೆಯ ಒಂದು ಸಂಗತಿಯೂ ಬಿಟ್ಟುಹೋಗಲಿಲ್ಲ. ಆದರೂ ಓದಿದರೆ ಜೀವವಿಲ್ಲ. ಕಾರಣ ಹುಡುಕುತ್ತ ಹೋದರೆ ಸಿಗುವುದಿಷ್ಟು: ಮೊದಲ ಪ್ರತಿಯಲ್ಲಿ ಮಂಜ ಠಾಣೆಯ ಮೆಟ್ಟಿಲವರೆಗೆ ಹೋಗಿದ್ದ. ತಿರುಗಿ ಬರಬೇಕಾದರೆ ಹೋದಷ್ಟೇ ದಾರಿಯನ್ನು ಮತ್ತೆ ನಡೆಯಬೇಕು. ಹೋಗುವುದಕ್ಕೂ ಬರುವುದಕ್ಕೂ ನಡುವೆ ಅವನು ಬೇರೆ ಮನುಷ್ಯನಾಗುವುದು ಕಾಣುತ್ತಿತ್ತು. ಫೋನಿನಲ್ಲಿ ಆ ದಾರಿಯೇ ಇಲ್ಲ. ಒತ್ತಿದ ಬೆರಳನ್ನು ಹಿಂದೆಗೆಯಲು ಅವನು ಏನನ್ನೂ ತೆರಬೇಕಾಗಿಲ್ಲ. ಸುದ್ದಿ ಉಳಿಯಿತು, ತೀರ್ಮಾನ ಹೋಯಿತು.

ಇಲ್ಲಿ ನನಗೆ ಸಂಸ್ಕೃತ ನಾಟಕಕಾರರು ನೆನಪಾಗುತ್ತಾರೆ. ದೂರದ ಪ್ರಯಾಣ, ಯುದ್ಧ, ವಧೆ, ನಗರಕ್ಕೆ ಮುತ್ತಿಗೆ ಇಂಥವನ್ನು ರಂಗದ ಮೇಲೆ ನೇರವಾಗಿ ತೋರಿಸಬಾರದು ಎಂದು ಧನಂಜಯನ ‘ದಶರೂಪಕ’ ಹೇಳುತ್ತದೆ. ತೋರಿಸಲಾಗದ್ದನ್ನು ತಿಳಿಸುವುದಕ್ಕೆ ಐದು ದಾರಿಗಳನ್ನೂ ಕೊಡುತ್ತದೆ, ಅವುಗಳಿಗೆ ಅರ್ಥೋಪಕ್ಷೇಪಕಗಳೆಂದು ಹೆಸರು. ಅಂಕಗಳ ನಡುವೆ ಇಬ್ಬರು ಬಂದು ಆದದ್ದನ್ನೂ ಆಗಲಿರುವುದನ್ನೂ ಮಾತಾಡಿಕೊಳ್ಳುವ ವಿಷ್ಕಂಭಕ ಅದರಲ್ಲಿ ಒಂದು. ತೆರೆಯ ಹಿಂದಿನಿಂದ ದನಿ ಮಾತ್ರ ಕೇಳಿಸುವ ಚೂಲಿಕಾ ಇನ್ನೊಂದು. ಅವರ ಕಾರಣಗಳು ಬೇರೆ, ನಮ್ಮ ಜನರೇಟರ್ ಬಾಡಿಗೆಯ ಕಾರಣ ಬೇರೆ. ಆದರೆ ಎದುರಾದ ಕಷ್ಟ ಒಂದೇ: ನಡೆಯಲೇಬೇಕಾದ ಸಂಗತಿ ಕಣ್ಣೆದುರು ನಡೆಯುವಂತಿಲ್ಲ.

‘ಶಾಕುಂತಲ’ದ ನಾಲ್ಕನೆಯ ಅಂಕದ ವಿಷ್ಕಂಭಕವನ್ನು ನೋಡಿ. ಇಡೀ ನಾಟಕ ನಿಂತಿರುವುದು ದುರ್ವಾಸನ ಶಾಪದ ಮೇಲೆ. ಆದರೆ ದುರ್ವಾಸ ರಂಗಕ್ಕೆ ಬರುವುದೇ ಇಲ್ಲ. ಶಾಪಕ್ಕೆ ಗುರಿಯಾದ ಶಕುಂತಲೆಯೂ ಅಲ್ಲಿಲ್ಲ. ರಂಗದಲ್ಲಿರುವವರು ಹೂ ಬಿಡಿಸುತ್ತಿರುವ ಇಬ್ಬರು ಗೆಳತಿಯರು. ಒಳಗಿನಿಂದ ದನಿ ಕೇಳುತ್ತದೆ. ಪ್ರಿಯಂವದೆ ಋಷಿಯನ್ನು ಸಮಾಧಾನಪಡಿಸಲು ಓಡುತ್ತಾಳೆ. ಅನಸೂಯೆ ಗಾಬರಿಯಲ್ಲಿ ಎಡವಿ ಹೂವಿನ ಬುಟ್ಟಿ ಕೈಜಾರುತ್ತದೆ. ಕೊನೆಗೆ ಇಬ್ಬರೂ ಸೇರಿ ಒಂದು ನಿರ್ಧಾರಕ್ಕೆ ಬರುತ್ತಾರೆ: ಈ ವಿಷಯ ಶಕುಂತಲೆಗೆ ತಿಳಿಯುವುದು ಬೇಡ. ಶಾಪ ಹಾಕಿದ್ದು ಸುದ್ದಿ. ಅದನ್ನು ಬಚ್ಚಿಡಲು ಒಪ್ಪಿಕೊಂಡದ್ದು ಮಾತ್ರ ನಮ್ಮ ಕಣ್ಣೆದುರು ನಡೆದ ಘಟನೆ. ಅಲ್ಲಿ ಕಾಳಿದಾಸ ಮಾಡಿದ್ದು ಸುದ್ದಿಯನ್ನು ಮುಟ್ಟಿಸಿ ಮುಗಿಸುವ ಕೆಲಸವಲ್ಲ. ಕೇಳಿದವರ ಮೇಲೆ ಅದರ ಭಾರ ಹೊರಿಸಿ, ಅವರು ಏನು ಮಾಡುತ್ತಾರೆಂದು ನೋಡುತ್ತಾನೆ. ಫೋನಿನ ಪ್ರತಿಯಲ್ಲಿ ಕೇಳಿಸಿಕೊಳ್ಳುವವರೇ ಇರಲಿಲ್ಲ. ಮಂಜ ಒಬ್ಬನೇ ಮಾತಾಡುತ್ತಿದ್ದ, ಆ ರಾತ್ರಿಯ ಭಾರ ಬೇರೆ ಯಾರ ಮೇಲೂ ಬೀಳುತ್ತಿರಲಿಲ್ಲ.

ಹೀಗೆ ಯೋಚಿಸಿದಾಗ ಕಥೆಯಲ್ಲಿ ಮೊದಲಿನಿಂದಲೂ ಇದ್ದು ಯಾರೂ ಗಮನಿಸದ ಒಬ್ಬಳು ಕಂಡಳು: ತಾಯಿ. ಮೊದಲ ಪ್ರತಿಯಲ್ಲಿ ಅವಳು ಎರಡು ಸಾಲು ಮಾತಾಡಿ, ಅತ್ತು, ಮರೆಯಾಗುತ್ತಿದ್ದಳು. ಅಣ್ಣ ತಮ್ಮ ಇಬ್ಬರೂ ಅವಳ ಮಕ್ಕಳೇ. ಹುಡುಕಾಟದ ಫಲ ಯಾರಿಗೆ ಎಲ್ಲರಿಗಿಂತ ಹೆಚ್ಚು ಮುಖ್ಯವೋ ಅವಳನ್ನು ಮನೆಯಲ್ಲಿ ಬಿಟ್ಟು ಕ್ಯಾಮೆರಾ ಊರು ಸುತ್ತುತ್ತಿತ್ತು. ಹೊಸ ಪ್ರತಿಯಲ್ಲಿ ಕ್ಯಾಮೆರಾ ಅವಳ ಹತ್ತಿರವೇ ಉಳಿಯಿತು.

ದೃಶ್ಯ ಈಗ ಹೀಗಿದೆ. ಕತ್ತಲ ಕೋಣೆ, ಒಂದು ಬಲ್ಬು, ತಾಯಿ ಗೋಡೆಗೆ ಒರಗಿ ಕೂತಿದ್ದಾಳೆ. ದೂರದಲ್ಲಿ ರೈಲಿನ ಹಾರ್ನ್ ಕೇಳುತ್ತದೆ. ಆಮೇಲೆ ಬೆಳಗು, ಜಗಲಿ. ಮಂಜ ಸ್ಕೂಟರ್ ನಿಲ್ಲಿಸಿ ಬಂದು ಅಂಗಿ ಬಿಚ್ಚಿ ಹಾಕಿ ಮುಖ ತೊಳೆಯಲು ಹೋಗುತ್ತಾನೆ. “ಸಿಕ್ಕಿದ್ನೇನೋ?” ಎಂದು ತಾಯಿ ಕೇಳುತ್ತಾಳೆ. “ಬಸ್ ಸ್ಟ್ಯಾಂಡೆಲ್ಲ ಜಾಲಾಡಿದೆ ಕಣಮ್ಮ. ಸಿಗಲಿಲ್ಲ” ಎನ್ನುತ್ತಾನೆ. ಅವಳು ಅಂಗಿಯನ್ನು ನೆನೆಹಾಕುವ ಮುಂಚೆ ಅಭ್ಯಾಸದಂತೆ ಜೇಬಿಗೆ ಕೈ ಹಾಕುತ್ತಾಳೆ. ಒಂದು ಪ್ಲಾಟ್‌ಫಾರಂ ಟಿಕೆಟ್ ಸಿಗುತ್ತದೆ. ಅದರ ಮೇಲೆ ಹೊತ್ತು ಅಚ್ಚಾಗಿದೆ: ನಸುಕಿನ ನಾಲ್ಕೂ ನಲವತ್ತು. ಅವಳು ಮಗನ ಬೆನ್ನನ್ನು ನೋಡುತ್ತಾಳೆ. ಏನೂ ಕೇಳುವುದಿಲ್ಲ. ಟಿಕೆಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅಂಗಿಯನ್ನು ಬಕೆಟ್ಟಿಗೆ ಹಾಕುತ್ತಾಳೆ.

ಹತ್ತು ರೂಪಾಯಿಯ ಚೀಟಿ ಇಡೀ ರೈಲು ನಿಲ್ದಾಣದ ಕೆಲಸ ಮಾಡಿತು. ಅಷ್ಟೇ ಅಲ್ಲ, ನಿಲ್ದಾಣದ ದೃಶ್ಯ ಹೇಳದಿದ್ದ ಒಂದು ಮಾತನ್ನೂ ಹೇಳಿತು. ತಮ್ಮ ದುಡ್ಡು ಕದ್ದು ಓಡುತ್ತಿರುವ ಹೊತ್ತಿನಲ್ಲೂ ಅಣ್ಣ ಕೌಂಟರಿನಲ್ಲಿ ನಿಂತು ಪ್ಲಾಟ್‌ಫಾರಂ ಟಿಕೆಟ್ ಕೊಂಡೇ ಒಳಗೆ ಹೋಗಿದ್ದಾನೆ. ಅವನು ಎಂಥವನೆಂದು ತಿಳಿಯಲು ಬೇರೆ ಮಾತು ಬೇಡ. ಅಂಥವನು ತಾಯಿಯೆದುರು ಈಗ ಸುಳ್ಳು ಹೇಳಿದ್ದಾನೆ ಎಂಬುದಕ್ಕೂ ಅದೇ ಚೀಟಿ ಸಾಕ್ಷಿ. ಇದಕ್ಕಾಗಿ ರಾತ್ರಿ ಎದ್ದು ಹೋಗಬೇಕಾದವನು ಒಬ್ಬ ಸಹಾಯಕ ನಿರ್ದೇಶಕ ಮಾತ್ರ. ಸರಿಯಾದ ಹೊತ್ತು ಅಚ್ಚಾದ ಟಿಕೆಟ್ ಬೇಕಾದರೆ ಆ ಹೊತ್ತಿಗೇ ಕೊಳ್ಳಬೇಕು. ಒಂದು ಒದ್ದೆಯಾದರೆ ಇನ್ನೊಂದು ಇರಲೆಂದು ಒಟ್ಟಿಗೆ ನಾಲ್ಕೈದು ಕೊಳ್ಳುವುದು ಒಳ್ಳೆಯದು.

ಜನರನ್ನು ಕಡಿಮೆ ಮಾಡುವುದು ಜಾಗ ಕಡಿಮೆ ಮಾಡಿದಷ್ಟು ಸುಲಭವಾಗಲಿಲ್ಲ. ಕಂಡಕ್ಟರ್, ಟೀ ಮಾರುವವ, ಗೆಳೆಯ, ಗೆಳೆಯನ ಅಪ್ಪ ಈ ನಾಲ್ವರ ಕೆಲಸವನ್ನು ಮನೆಯೆದುರಿನ ಹೋಟೆಲ್ ನಡೆಸುವ ಗೌರಕ್ಕನಿಗೆ ವಹಿಸಲಾಯಿತು. ಹೀಗೆ ಒಬ್ಬರ ಮೇಲೆ ಹಲವರನ್ನು ಹೇರುವಾಗ ನೋಡಬೇಕಾದ್ದು ಯಾರಿಗೆ ಏನು ಗೊತ್ತಿರಲು ಸಾಧ್ಯ ಎಂಬುದನ್ನು. ಗೆಳೆಯನಿಗೆ ರಘುವಿನ ಸಾಲ ಗೊತ್ತಿತ್ತು. ಗೌರಕ್ಕನಿಗೆ ಅದು ಗೊತ್ತಿರಲಾರದು. ಅವಳ ಬಾಯಲ್ಲಿ ಆ ಮಾತು ಹಾಕಿದರೆ ಇಡೀ ಬೀದಿಗೇ ಗೊತ್ತಿದ್ದ ವಿಷಯ ಅಣ್ಣನಿಗೆ ಗೊತ್ತಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಹಾಗಾಗಿ ಸಾಲದ ವಿಷಯವನ್ನು ಅವಳಿಗೆ ಕೊಡದೆ, ಅಣ್ಣತಮ್ಮಂದಿರ ಮೊದಲಿನ ದೃಶ್ಯಕ್ಕೆ ಸರಿಸಬೇಕಾಯಿತು. ಅಲ್ಲಿ ರಘು ಫೋನ್ ಬಂದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗುತ್ತಾನೆ, ಅಷ್ಟೇ. ಒಂದು ದೃಶ್ಯವನ್ನು ಕಡಿದರೆ ಅದರ ಎಳೆ ಹಿಂದಿನ ಪುಟಗಳನ್ನೂ ಎಳೆಯುತ್ತದೆ. ರೈಲಿನ ಕಿಟಕಿಯ ಕೊನೆಯ ನೋಟ ಹೋದ ಮೇಲೆ ಅಣ್ಣತಮ್ಮಂದಿರು ನಮಗೆ ಒಟ್ಟಿಗೆ ಕಾಣುವ ಕೊನೆಯ ಗಳಿಗೆ ಆ ಮೊದಲ ದೃಶ್ಯವೇ ಆಯಿತು. ಹಾಗಾಗಿ ಅಲ್ಲಿ ರಘು ಊಟದ ತಟ್ಟೆಯಿಂದ ಎದ್ದು ಹೋಗುವ ರೀತಿಯನ್ನೂ ಹೊಸದಾಗಿ ಬರೆಯಬೇಕಾಯಿತು.

ಠಾಣೆಯ ವಿಷಯ ಇನ್ನೂ ಕಷ್ಟದ್ದು. ದೂರು ಕೊಡದಿರುವುದು ಮಂಜನ ಬದುಕಿನ ದೊಡ್ಡ ತೀರ್ಮಾನ. ಅದಕ್ಕೆ ಒಂದು ಮೆಟ್ಟಿಲು ಬೇಕೇ ಬೇಕು. ಅದನ್ನು ಹೋಟೆಲ್ಲಿನ ಕಟ್ಟೆಯಲ್ಲಿ ಹುಡುಕಿಕೊಂಡೆವು. ಮಂಜ ಎಂದಿನಂತೆ ವಸೂಲಿಗೆ ಹೊರಟಿದ್ದಾನೆ. ಗೌರಕ್ಕ ಐವತ್ತು ರೂಪಾಯಿ ಚಾಚಿ, “ನಿನ್ನೇದು ಬರ್ಕೊಂಡ್ಯಾ ಮಂಜ?” ಎಂದು ಕೇಳುತ್ತಾಳೆ. ನಿನ್ನೆಯ ದುಡ್ಡು ಇಲ್ಲ. ಅವನು ಒಂದು ಕ್ಷಣ ತಡೆದು, “ಬರ್ಕೊಂಡಿದೀನಿ ಅಕ್ಕ” ಎಂದು ಪುಸ್ತಕದಲ್ಲಿ ನಿನ್ನೆಯ ತಾರೀಖಿನ ಮುಂದೆ ಅವಳ ಐವತ್ತನ್ನು ಬರೆಯುತ್ತಾನೆ. ಇನ್ನು ಮೇಲೆ ಅದು ಅವನ ಸಾಲ. ಊರಿನ ಅಷ್ಟೂ ಅಂಗಡಿಗಳೆದುರು ಅವನು ಇದನ್ನೇ ಮಾಡಬೇಕೆಂದು ನಮಗೆ ಗೊತ್ತಾಗುತ್ತದೆ. ಠಾಣೆಗೆ ಬೆನ್ನು ತಿರುಗಿಸುವುದಕ್ಕಿಂತ ಇದು ಗಟ್ಟಿ ಎಂದು ನನಗನ್ನಿಸುತ್ತದೆ. ಬೆನ್ನು ತಿರುಗಿಸಿದವನು ನಾಳೆ ಮತ್ತೆ ಠಾಣೆಗೆ ಹೋಗಬಹುದು, ಬರೆದುಕೊಟ್ಟವನು ಹೋಗಲಾರ.

ಇನ್ನು ರಾತ್ರಿ. ತಾಯಿಯ ಕೋಣೆಯ ರಾತ್ರಿಯನ್ನು ಹಗಲಿನಲ್ಲೇ ತೆಗೆಯಬಹುದು. ಕಿಟಕಿಗೆ ಹೊರಗಿನಿಂದ ದಪ್ಪ ಕಪ್ಪು ಬಟ್ಟೆ ಕಟ್ಟಿ, ಬಾಗಿಲ ಸಂದಿನ ಬೆಳಕನ್ನೂ ಮುಚ್ಚಿದರೆ ಮಧ್ಯಾಹ್ನ ಎರಡು ಗಂಟೆಗೂ ಒಳಗೆ ನಡುರಾತ್ರಿಯೇ. ಹೊರಾಂಗಣದಲ್ಲಿ ಈ ಉಪಾಯ ನಡೆಯುವುದಿಲ್ಲ. ಬಿಸಿಲಿನಲ್ಲಿ ತೆಗೆದು ಬೆಳಕು ತಗ್ಗಿಸಿ ನೀಲಿ ಬಳಿಯುವ ಹಳೆಯ ಪದ್ಧತಿ ಊರ ಬೀದಿಗೆ ಹೊಂದದು. ಆಕಾಶ ಕಂಡರೆ ಗುಟ್ಟು ರಟ್ಟು. ಬೀದಿ ದೀಪ ಉರಿಯುತ್ತಿರುವುದಿಲ್ಲ, ಮನೆಗಳ ಕಿಟಕಿಯಲ್ಲಿ ಬೆಳಕಿರುವುದಿಲ್ಲ, ನೆರಳು ಮಾತ್ರ ಬಿಸಿಲಿನಂತೆಯೇ ಚೂಪಾಗಿರುತ್ತದೆ. ಮಂಜ ಸ್ಕೂಟರ್ ಹತ್ತಿ ಹೊರಡುವ ಒಂದು ಶಾಟ್ ಬೇಕೇ ಬೇಕಿತ್ತು. ಅದಕ್ಕೆ ಸೂರ್ಯ ಮುಳುಗಿದ ಮೇಲಿನ ಮಬ್ಬನ್ನು ಆರಿಸಿಕೊಳ್ಳಲಾಯಿತು. ಬೀದಿ ದೀಪ ಹತ್ತಿರುತ್ತದೆ, ಆಕಾಶ ಇನ್ನೂ ಕಡುನೀಲಿ, ಪರದೆಯ ಮೇಲೆ ಅದು ರಾತ್ರಿಯೇ. ಆದರೆ ನಮ್ಮ ಸೀಮೆಯಲ್ಲಿ ಸೂರ್ಯ ಬೇಗ ಇಳಿಯುತ್ತಾನೆ, ಆ ಮಬ್ಬು ಇರುವುದು ಇಪ್ಪತ್ತು ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಒಂದೇ ಶಾಟ್, ಹೆಚ್ಚೆಂದರೆ ಮೂರು ಟೇಕ್. ಮಧ್ಯಾಹ್ನವೇ ತಾಲೀಮು ಮಾಡಿ, ಕ್ಯಾಮೆರಾ ನಿಲ್ಲುವ ಜಾಗಕ್ಕೆ ಗುರುತು ಹಾಕಿ ಕಾಯಬೇಕು. ಅಲ್ಲಿ ಮಾತು ಇಡಬಾರದು. ಮಾತಿದ್ದರೆ ಎರಡನೆಯ ಕೋನ ಬೇಕಾಗುತ್ತದೆ, ಆ ಕೋನಕ್ಕೆ ಹೋಗುವಷ್ಟರಲ್ಲಿ ಆಕಾಶ ಕಪ್ಪಾಗಿರುತ್ತದೆ.

ದುಡ್ಡು ಉಳಿಸಿದ ದೃಶ್ಯ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಮಾಡುವುದು ಇಷ್ಟು. ಹೊಸ ಪುಟದಲ್ಲಿ ಸಂಭಾಷಣೆಯ ಮೇಲೆ ಕೈ ಮುಚ್ಚಿ ಉಳಿದದ್ದನ್ನು ಓದುತ್ತೇನೆ. ಕೂತರು, ಎದ್ದರು, ನಿಟ್ಟುಸಿರು ಬಿಟ್ಟರು ಎಂಬುದಷ್ಟೇ ಸಿಕ್ಕರೆ ಅದು ರೇಡಿಯೋ ನಾಟಕವಾಗಿದೆ ಎಂದರ್ಥ. ಟಿಕೆಟ್, ಸೆರಗಿನ ಗಂಟು, ನಿನ್ನೆಯ ತಾರೀಖು ಹೀಗೆ ಏನಾದರೂ ಸಿಕ್ಕರೆ ಧೈರ್ಯ. ಇಬ್ಬರಿಗೂ ಗೊತ್ತಿರುವುದನ್ನು ಒಬ್ಬರು ಇನ್ನೊಬ್ಬರಿಗೆ ವಿವರಿಸುತ್ತಿದ್ದರೆ ಅದೂ ಕಡಿದ ಗಾಯದ ಗುರುತೇ. ತೋರಿಸಲಾಗದ ದೃಶ್ಯವೊಂದು ಆ ಮಾತಿನೊಳಗೆ ನುಸುಳಿ ಕೂತಿರುತ್ತದೆ.

ಹಾಗೆಂದು ಕಡಿಮೆ ಮಾಡಿದ್ದೆಲ್ಲ ಲಾಭವೆಂದು ನಾನು ಒಪ್ಪುವುದಿಲ್ಲ. ಟರಾಂಟಿನೊನ ‘ರಿಸರ್ವಾಯರ್ ಡಾಗ್ಸ್’ (1992) ಚಿತ್ರದಲ್ಲಿ ಆಭರಣದಂಗಡಿಯ ದರೋಡೆಯನ್ನು ತೋರಿಸುವುದೇ ಇಲ್ಲ, ಅದರ ಹಿಂದುಮುಂದಿನ ಗಳಿಗೆಗಳಷ್ಟೇ ಇವೆ. ಕೈ ಬಿಗಿಯಿದ್ದವರಿಗೆಲ್ಲ ಆ ಚಿತ್ರವನ್ನು ತೋರಿಸಿ ಸಮಾಧಾನ ಹೇಳುವುದು ರೂಢಿ. ಆದರೆ ಅಲ್ಲಿ ಮುಖ್ಯವಾದದ್ದು ದರೋಡೆಯಾದ ಮೇಲೆ ಉಳಿದವರ ನಡುವೆ ಹುಟ್ಟುವ ಅನುಮಾನ. ಅನುಮಾನಕ್ಕೆ ಒಂದು ಗೋದಾಮು ಸಾಕು. ನಮ್ಮ ಕಥೆಯ ಬಸ್ ನಿಲ್ದಾಣದಲ್ಲಿ ಇದ್ದದ್ದು ಬೇರೆಯದೇ. ರಾತ್ರಿ ಹನ್ನೊಂದರ ನಿಲ್ದಾಣದಲ್ಲಿ ಗಂಟುಮೂಟೆಯ ಮೇಲೆ ತಲೆಯಿಟ್ಟು ಮಲಗಿದವರು, ಕೊನೆಯ ಬಸ್ಸು ತಪ್ಪಿ ಕೂತವರು, ಊರು ಬಿಟ್ಟು ಹೊರಟ ಇನ್ನೂ ಎಷ್ಟೋ ರಘುಗಳು. ಅವರ ನಡುವೆ ಒಬ್ಬನನ್ನು ಹುಡುಕುವ ಅಣ್ಣನಿಗೆ ತನ್ನ ತಮ್ಮ ಅಷ್ಟೇನೂ ವಿಶೇಷದವನಲ್ಲ ಎಂದು ಅಲ್ಲಿ ಅರಿವಾಗುತ್ತಿತ್ತು. ಅದನ್ನು ಯಾವ ಟಿಕೆಟ್ಟೂ ಹೇಳುವುದಿಲ್ಲ, ಮನೆಯೊಳಗಿನ ಯಾವ ದೃಶ್ಯವೂ ಹೇಳುವುದಿಲ್ಲ. ಹೊಸ ಪ್ರತಿ ಮನೆಯ ಕಥೆಯಾಯಿತು. ಹಳೆಯದು ಊರಿನ ಕಥೆಯೂ ಆಗಿತ್ತು.

ಇದು ಒಂದು ಚಿತ್ರದ ನಷ್ಟವಾಗಿದ್ದರೆ ಸಹಿಸಬಹುದಿತ್ತು. ಆದರೆ ಕಡಿಮೆ ದುಡ್ಡಿನಲ್ಲಿ ಕೆಲಸ ಮಾಡುವ ಪ್ರತಿಯೊಂದು ತಂಡವೂ ಮೊದಲು ಬಿಡುವುದು ಇವನ್ನೇ: ಸಂತೆ, ಆಸ್ಪತ್ರೆಯ ವರಾಂಡ, ಕಾರ್ಖಾನೆಯ ರಾತ್ರಿ ಪಾಳಿ, ತೆಂಗಿನ ಮಂಡಿ. ಉಳಿಯುವುದು ಕೋಣೆ ಮತ್ತು ಅದರಲ್ಲಿ ಕೂತು ಮಾತಾಡುವ ಇಬ್ಬರು. ಕ್ಯಾಮೆರಾ ಅಗ್ಗವಾಗಿ ಯಾರು ಬೇಕಾದರೂ ಚಿತ್ರ ತೆಗೆಯಬಹುದಾದ ಕಾಲದಲ್ಲಿ ರಾತ್ರಿ ಹೊತ್ತು ದುಡಿಯುವವರೂ ಗುಂಪಿನಲ್ಲಿ ಬದುಕುವವರೂ ಚಿತ್ರಗಳಿಂದ ಕಾಣೆಯಾಗುತ್ತಿದ್ದಾರೆ. ಅವರನ್ನು ಯಾರೂ ಬೇಡವೆಂದಿಲ್ಲ, ಅವರಿರುವ ಜಾಗ ಮತ್ತು ಹೊತ್ತು ದುಬಾರಿ, ಅಷ್ಟೇ. ರಾತ್ರಿಯನ್ನು ಕಡಿಯುವುದಕ್ಕೆ ಇನ್ನೊಂದು ನ್ಯಾಯವೂ ಇದೆ ಎಂದು ನನಗೆ ಗೊತ್ತು. ಸಂಬಳ ಕಡಿಮೆಯಿರುವ ಚಿತ್ರದಲ್ಲಿ ಲೈಟ್ ಹೊರುವ ಹುಡುಗರನ್ನು ರಾತ್ರಿಯಿಡೀ ದುಡಿಸಿ, ನಿದ್ದೆಗಣ್ಣಿನಲ್ಲಿ ಬೈಕ್ ಓಡಿಸಿಕೊಂಡು ಹೋಗಿ ಎನ್ನುವುದು ಯಾವ ಕಥೆಗೂ ಸಲ್ಲದ ಬೆಲೆ. ಪರದೆಯ ಮೇಲಿನ ದುಡಿಯುವವರಿಗಾಗಿ ಪರದೆಯ ಹಿಂದಿನ ದುಡಿಯುವವರನ್ನು ಸುಡುವುದು ಹೇಗೆ ಸರಿಯಾದೀತು? ಈ ಎರಡು ನ್ಯಾಯಗಳ ನಡುವೆ ನನಗೆ ಸಿದ್ಧ ಉತ್ತರವಿಲ್ಲ.

ತಿಪಟೂರಿನ ತಂಡದ ನಿರ್ದೇಶಕಿಗೆ ಈ ಹಿಂಸೆ ನನಗಿಂತ ಹೆಚ್ಚಾಗಿಯೇ ಇತ್ತು. ಜಾಗ ಐದರಿಂದ ಎರಡಕ್ಕೆ ಇಳಿದು, ನಟರು ನಾಲ್ವರಾಗಿ, ರಘು ಪಾತ್ರದ ಹುಡುಗ ಒಂದೇ ದಿನಕ್ಕೆ ಬಂದು ಹೋದರೆ ಸಾಕು ಎಂದಾದ ಮೇಲೆ ಕೈಯಲ್ಲಿ ಸ್ವಲ್ಪ ದುಡ್ಡು ಉಳಿಯಿತು. ಅದರ ಮೊದಲ ಪಾಲು ಸೌಂಡಿಗೆ ಹೋಯಿತು. ರೈಲಿನ ಹಾರ್ನ್, ಬಕೆಟ್ಟಿನ ನೀರು, ಗೌರಕ್ಕನ ದನಿ ಇವುಗಳ ಮೇಲೆಯೇ ಚಿತ್ರ ನಿಂತಿರುವಾಗ ಕ್ಯಾಮೆರಾದ ಮೈಕಿನಿಂದ ಕೆಲಸ ಸಾಗದು. ಉಳಿದದ್ದನ್ನು ಅವಳು ಬಸ್ ನಿಲ್ದಾಣಕ್ಕೆಂದು ಎತ್ತಿಟ್ಟಳು: ಅನುಮತಿ ಪಡೆದು, ಸಂಜೆಯ ಮಬ್ಬಿನಲ್ಲಿ, ನಟರಲ್ಲಿ ಮಂಜ ಒಬ್ಬನೇ, ಮಾತಿಲ್ಲದ ಒಂದು ಶಾಟ್. ಅದು ಕಥೆಗೆ ಬೇಕೇ ಎಂದು ನಿರ್ಮಾಪಕರು ಕೇಳಿದರು. ಕಥೆ ಅದಿಲ್ಲದೆಯೂ ಅರ್ಥವಾಗುತ್ತದೆ ಎಂದು ಅವಳೇ ಒಪ್ಪಿಕೊಂಡಳು. ಆಮೇಲೂ ಆ ಶಾಟನ್ನು ಶೆಡ್ಯೂಲಿನ ಎರಡನೆಯ ದಿನದ ಸಂಜೆಗೆ ಬರೆದಳು.